‘ಚೈನಿಂಗ್ ಇದೆಯಲ್ಲ’ ಎನ್ನುವ ಸೋಮಾರಿತನ

ಇಂಜಿನಿಯರಿಂಗ್ ಕಾಲೇಜೊಂದಕ್ಕೆ ಪ್ರಾಕ್ಟಿಕಲ್ ಪರೀಕ್ಷೆಯ ಎಕ್ಸ್‌ಟರ್ನಲ್ ಆಗಿ ಹೋಗಿದ್ದೆ. ಚೀಟಿ ಎತ್ತಿದವರಲ್ಲಿ ಏಳು ಮಂದಿಗೆ ಒಂದೇ ಪ್ರಶ್ನೆ ಬಂದಿತ್ತು: ಸಿ ಭಾಷೆಯಲ್ಲಿ ಸ್ಟ್ರಿಂಗ್ ಕೀಗಳಿಗೆ ಹ್ಯಾಶ್ ಟೇಬಲ್ ಬರೆಯಿರಿ, ಕೊಲಿಷನ್‌ಗೆ ಚೈನಿಂಗ್ ಬಳಸಿ. ಏಳು ಕಂಪ್ಯೂಟರಿನ ಪರದೆಯ ಮೇಲೂ ಅಕ್ಷರ ಆಚೀಚೆಯಾಗದೆ ಇದೇ ಫಂಕ್ಷನ್:

```c
int hash(char *s) {
    int h = 0;
    while (*s) h += *s++;
    return h % 101;
}
```

ಅಕ್ಷರಗಳ ಬೆಲೆ ಕೂಡು, 101ರಿಂದ ಭಾಗಿಸು, ಉಳಿದ ಶೇಷವೇ ಬಕೆಟ್‌ನ ನಂಬರು. ಕೀ ಕೊಟ್ಟಿದ್ದು apple, mango, banana. ಮೂರೂ ಸಿಕ್ಕವು, ಔಟ್‌ಪುಟ್ ಸರಿ ಬಂತು. ವೈವಾದಲ್ಲಿ ಒಬ್ಬಳನ್ನು ಕೇಳಿದೆ, "ಎರಡು ಕೀ ಒಂದೇ ಬಕೆಟ್‌ಗೆ ಬಂದರೆ ಏನಮ್ಮ ಗತಿ?" "ಚೈನಿಂಗ್ ಇದೆಯಲ್ಲ ಸರ್." "ಚೈನ್ ಎಷ್ಟು ಉದ್ದ ಬೆಳೀಬಹುದು?" ಹುಡುಗಿ ಇಂಟರ್ನಲ್‌ನವರ ಮುಖ ನೋಡಿದಳು. ಅವರು ನಕ್ಕು ಹೇಳಿದರು, "ಆರ್ಡರ್ ಒನ್ ಅಂತ ಬರೆದರೆ ಸಾಕು ಬಿಡಿ ಸರ್, ಅಷ್ಟು ಆಳಕ್ಕೆ ನಾವು ಹೋಗಲ್ಲ."

ನನ್ನ ತಕರಾರು ಆ ಹುಡುಗಿಯ ಮೇಲಲ್ಲ, ಆ ನಗುವಿನ ಮೇಲೆ. ಚೈನಿಂಗ್ ಇರುವುದರಿಂದ ಹ್ಯಾಶ್ ಫಂಕ್ಷನ್ ಹೇಗಿದ್ದರೂ ನಡೆಯುತ್ತದೆ ಎಂಬ ನಂಬಿಕೆ ಲ್ಯಾಬ್ ರೆಕಾರ್ಡಿನಿಂದ ಹೊರಟು, ಇಂಟರ್‌ವ್ಯೂ ದಾಟಿ, ಕಂಪನಿಗಳ ಕೋಡಿನವರೆಗೂ ಹಾಯಾಗಿ ಬಂದು ಕೂತಿದೆ. ಸಿ ಭಾಷೆಯಲ್ಲಿ ಇದರ ಪೆಟ್ಟು ಇನ್ನೂ ಜೋರು. ಸಿ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಹ್ಯಾಶ್ ಟೇಬಲ್ಲೇ ಇಲ್ಲ. ಪೋಸಿಕ್ಸ್‌ನ `hsearch` ಇದೆ ಅನ್ನಿ, ಆದರೆ ಅದು ಒಂದು ಪ್ರೋಗ್ರಾಮಿಗೆ ಒಂದು ಹೊತ್ತಿನಲ್ಲಿ ಒಂದೇ ಟೇಬಲ್ ಕೊಡುವ ಕಂಜೂಸು. ಹಾಗಾಗಿ ಪ್ರತಿಯೊಬ್ಬರೂ ತಮ್ಮದನ್ನು ತಾವೇ ಬರೆದುಕೊಳ್ಳುತ್ತಾರೆ, ಬರೆಯುವಾಗ ಕಾಲೇಜಿನಲ್ಲಿ ಕಲಿತದ್ದೇ ಕೈಗೆ ಬರುತ್ತದೆ.

ಆರ್ಡರ್ ಒನ್ ಅಂತೆ. ಯಾವ ಶರತ್ತಿನ ಮೇಲೆ? ಕೀಗಳು ಬಕೆಟ್‌ಗಳಲ್ಲಿ ಸಮನಾಗಿ ಚೆದುರಿ ಬೀಳುತ್ತವೆ, ಬಕೆಟ್‌ಗಳ ಸಂಖ್ಯೆ ಕೀಗಳ ಸಂಖ್ಯೆಯ ಜೊತೆಗೇ ಬೆಳೆಯುತ್ತದೆ ಎಂಬ ಎರಡು ಶರತ್ತು. ಮೇಲಿನ ಕೋಡು ಎರಡನ್ನೂ ಮುರಿಯುತ್ತದೆ. ಶರತ್ತು ಮುರಿದವನು ಫಲ ಮಾತ್ರ ಹಕ್ಕಿನಿಂದ ಕೇಳುವುದು ಯಾವ ನ್ಯಾಯ?

ಮಾವು, ಬಾಳೆ ಬಿಟ್ಟು ನಿಜವಾದ ಕೀ ಹಾಕಿ ನೋಡೋಣ. ಒಂದು ಆರ್‌ಟಿಒ ಸೀರೀಸಿನ ಗಾಡಿ ನಂಬರುಗಳನ್ನೇ ತೆಗೆದುಕೊಳ್ಳಿ: `KA09AB0001`ರಿಂದ `KA09AB9999`ರವರೆಗೆ, ಒಟ್ಟು 9,999 ಕೀ. ಮೊದಲ ಆರು ಅಕ್ಷರ ಎಲ್ಲದರಲ್ಲೂ ಒಂದೇ, ಅವುಗಳ ಮೊತ್ತವೂ ಒಂದೇ. ವ್ಯತ್ಯಾಸ ಇರುವುದು ಕೊನೆಯ ನಾಲ್ಕು ಅಂಕಿಯಲ್ಲಿ ಮಾತ್ರ. ನಾಲ್ಕು ಅಂಕಿಗಳ ಮೊತ್ತ ಎಷ್ಟಿರಬಹುದು? ಕಡಿಮೆಯೆಂದರೆ 1, ಹೆಚ್ಚೆಂದರೆ 36. ಅಲ್ಲಿಗೆ ಮುಗಿಯಿತು. 9,999 ಗಾಡಿಗಳಿಗೆ ಸಿಗುವುದು 36 ಬಕೆಟ್. 101ರಲ್ಲಿ ಉಳಿದ 65 ಬಕೆಟ್‌ಗಳು ಆಜನ್ಮ ಖಾಲಿ.

ಆ 36ರಲ್ಲೂ ಸಮಪಾಲಿಲ್ಲ. ಮೊತ್ತ 1 ಬರುವ ನಂಬರು ನಾಲ್ಕೇ ನಾಲ್ಕು, ಮೊತ್ತ 36 ಬರುವುದು 9999 ಒಂದೇ. ನಡುವಿನ 18ರ ಬಕೆಟ್‌ನಲ್ಲಿ ಮಾತ್ರ 670 ಗಾಡಿ ಒಂದರ ಹಿಂದೊಂದು ನಿಂತಿವೆ. ಟೇಬಲ್‌ನಲ್ಲಿರುವ ಪ್ರತಿಯೊಂದು ಗಾಡಿಯನ್ನೂ ಒಂದೊಂದು ಸಲ ಹುಡುಕಿದರೆ ಒಟ್ಟು 24,13,014 ನೋಡ್ ಮುಟ್ಟಬೇಕು, ಅಂದರೆ ಒಂದು ಹುಡುಕಾಟಕ್ಕೆ ಸರಾಸರಿ 241. ಇದೇ ಕೀಗಳು 16,384 ಬಕೆಟ್‌ಗಳಲ್ಲಿ ನೆಟ್ಟಗೆ ಚೆದುರಿದ್ದರೆ ಸರಾಸರಿ 1.3, ಒಟ್ಟು ಸುಮಾರು 13 ಸಾವಿರ. ಸಾಲದ್ದಕ್ಕೆ ಆ 241 ಸಲವೂ `strcmp` ಆ `KA09AB`ಯ ಆರು ಅಕ್ಷರಗಳನ್ನು ಮೊದಲಿಂದ ಓದಿಯೇ ಏಳನೆಯದಕ್ಕೆ ಬರಬೇಕು. ಇದಕ್ಕೆ ಹ್ಯಾಶ್ ಟೇಬಲ್ ಅಂತ ಹೆಸರಿಟ್ಟವರು ಯಾರು? ಇದು 36 ತುಂಡು ಮಾಡಿದ ಲಿಂಕ್ಡ್ ಲಿಸ್ಟ್.

"ಟೇಬಲ್ ಸೈಜ್ ದೊಡ್ಡದು ಮಾಡಿದರಾಯಿತು, ಪ್ರೈಮ್ ನಂಬರ್ ಇರಲಿ" ಎಂದು ಯಾರಾದರೂ ಬುದ್ಧಿ ಹೇಳದೆ ಇರುವುದಿಲ್ಲ. ಮಾಡಿ. 101ರ ಬದಲು 10,007 ಇಡಿ, ಅದೂ ಪ್ರೈಮೇ. ತುಂಬುವ ಬಕೆಟ್ ಎಷ್ಟು? ಮೂವತ್ತಾರೇ. ಹತ್ತು ಲಕ್ಷ ಇಡಿ, ಮೂವತ್ತಾರೇ. ಹ್ಯಾಶ್ ಫಂಕ್ಷನ್ನೇ 36 ಬೆಲೆಗಿಂತ ಹೆಚ್ಚು ಹೊರಗೆ ಬಿಡದಿದ್ದಾಗ ಭಾಗಾಕಾರ ಎಲ್ಲಿಂದ ಹೊಸದನ್ನು ತಂದೀತು? AAಯಿಂದ AHವರೆಗೆ ಎಂಟು ಸೀರೀಸು ಸೇರಿಸಿದರೆ ಗಾಡಿಗಳು 79,992 ಆಗುತ್ತವೆ, ಬಕೆಟ್ ಬರೀ 43. ಸೀರೀಸಿನ ಕೊನೆಯ ಅಕ್ಷರ ಒಂದು ಹೆಜ್ಜೆ ಮುಂದೆ ಹೋದರೆ ಮೊತ್ತವೂ ಒಂದೇ ಹೆಜ್ಜೆ ಸರಿಯುತ್ತದೆ, ಹಳೆಯ ರಾಶಿಯ ಮೇಲೇ ಹೊಸ ರಾಶಿ. ರೋಲ್ ನಂಬರು, ಬಿಲ್ ನಂಬರು, ಪಿನ್‌ಕೋಡು, ನಾವು ದಿನವೂ ಟೇಬಲ್‌ಗೆ ಹಾಕುವ ಕೀಗಳೆಲ್ಲ ಇದೇ ಜಾತಿಯವು.

ಇನ್ನು ಈ ಫಂಕ್ಷನ್ನಿನ ವಂಶಾವಳಿ ಕೇಳಿ. ಅಕ್ಷರ ಕೂಡಿ ಭಾಗಿಸುವ ಈ ವಿಧಾನ 1978ರಲ್ಲಿ ಬಂದ ಕರ್ನಿಗನ್ ಮತ್ತು ರಿಚಿಯವರ ಸಿ ಪುಸ್ತಕದ ಮೊದಲ ಆವೃತ್ತಿಯಲ್ಲಿತ್ತು. 1988ರ ಎರಡನೇ ಆವೃತ್ತಿಯಲ್ಲಿ ಅವರೇ ಅದನ್ನು ಕಿತ್ತು ಹಾಕಿದರು. ಹಿಂದಿನ ಹ್ಯಾಶ್ ಅನ್ನು 31ರಿಂದ ಗುಣಿಸಿ ಮುಂದಿನ ಅಕ್ಷರ ಕೂಡುವ ಕ್ರಮ ತಂದರು, `int` ಬದಲು `unsigned` ಬಳಸಿದರು. ಆ ಒಂದು ಗುಣಾಕಾರದಿಂದ ಅಕ್ಷರ ಎಲ್ಲಿ ಕೂತಿದೆ ಎಂಬುದಕ್ಕೂ ಬೆಲೆ ಬಂತು. ಅಂಕಿಗಳು ಹತ್ತೇ ಇರುವುದರಿಂದ, ಗುಣಕ 31 ಆಗಿರುವುದರಿಂದ, ಮೇಲಿನ 9,999 ಗಾಡಿಗಳಿಗೂ ಭಾಗಿಸುವ ಮೊದಲು 9,999 ಬೇರೆ ಬೇರೆ ಹ್ಯಾಶ್ ಬರುತ್ತದೆ. ಬರೆದವರೇ ಕೈಬಿಟ್ಟ ಕೋಡನ್ನು ಇಷ್ಟು ವರ್ಷ ಆದಮೇಲೂ ನಮ್ಮ ಲ್ಯಾಬ್ ಮ್ಯಾನುಯಲ್ಲುಗಳು ಪೂಜೆ ಮಾಡುತ್ತಿವೆಯಲ್ಲ, ಯಾವ ಹರಕೆಗೆ?

ಸೋಮಾರಿತನ ವೇಗ ಕೆಡಿಸುವುದಕ್ಕೇ ನಿಂತಿದ್ದರೆ ಹೇಗೋ ಸಹಿಸಬಹುದಿತ್ತು. ಅದೇ ಫಂಕ್ಷನ್ನಿಗೆ ಕನ್ನಡದ ಪದ ಕೊಡಿ. ನಾನು ಆ ದಿನ ಲ್ಯಾಬಿನಲ್ಲೇ ಕೊಟ್ಟೆ: `ಸರ`. ಪ್ರೋಗ್ರಾಂ `Segmentation fault` ಎಂದು ಮಕಾಡೆ ಮಲಗಿತು. ಇಂಟರ್ನಲ್‌ನವರು, "ಕನ್ನಡ ಸಪೋರ್ಟ್ ಇರಲ್ಲ ಸರ್ ಸಿನಲ್ಲಿ" ಎಂದರು. ಎಂಥ ಮಾತು! ಸಿಗೆ ಕನ್ನಡವೂ ಗೊತ್ತಿಲ್ಲ, ಇಂಗ್ಲಿಷೂ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಬೈಟ್ ಮಾತ್ರ. ತಪ್ಪು ಕನ್ನಡದ್ದಲ್ಲ.

ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರವೂ ಮೂರು ಬೈಟ್. ಸ ಎಂದರೆ 224, 178, 184. ರ ಎಂದರೆ 224, 178, 176. ಆದರೆ ನಮ್ಮ ಲ್ಯಾಬಿನ ಇಂಟೆಲ್ ಕಂಪ್ಯೂಟರಿನಲ್ಲಿ ಬರೀ `char` ಎಂದರೆ ಸೈನ್ಡ್, 127ಕ್ಕಿಂತ ದೊಡ್ಡ ಬೈಟ್ ಅದಕ್ಕೆ ಋಣಸಂಖ್ಯೆಯಾಗಿ ಕಾಣುತ್ತದೆ. 224 ಹೋಗಿ ‑32, 178 ಹೋಗಿ ‑78, 184 ಹೋಗಿ ‑72, 176 ಹೋಗಿ ‑80. ಆರೂ ಕೂಡಿದರೆ ‑372. ಸಿಯಲ್ಲಿ ಋಣಸಂಖ್ಯೆಯ ಶೇಷವೂ ಋಣವೇ, ಹಾಗಾಗಿ 101ರಿಂದ ಭಾಗಿಸಿದಾಗ ಸಿಗುವುದು ‑69. ಟೇಬಲ್ ಶುರುವಾಗುವ ಜಾಗಕ್ಕಿಂತ 69 ಪಾಯಿಂಟರ್ ಹಿಂದೆ ಹೋಗಿ, ಅಲ್ಲಿರುವ ಯಾರದೋ ಮೆಮೊರಿಯನ್ನು ನಮ್ಮ ಚೈನಿನ ತುದಿ ಎಂದು ನಂಬಿ ಓದಿತು. ಕ್ರ್ಯಾಶ್ ಆದದ್ದು ನಮ್ಮ ಅದೃಷ್ಟ. ಆ ಜಾಗ ಸೊನ್ನೆ ಇದ್ದಿದ್ದರೆ ಸದ್ದಿಲ್ಲದೆ ಅಲ್ಲಿ ಬರೆದು, ಬೇರೆ ಯಾವುದೋ ಡೇಟಾ ಕೆಡಿಸಿ, ಮೂರು ದಿನ ಬಿಟ್ಟು ಇನ್ನೆಲ್ಲೋ ಒಡೆಯುತ್ತಿತ್ತು.

ಪರಿಹಾರ ಒಂದೇ ಸಾಲು: ಬೈಟನ್ನು `unsigned char` ಪಾಯಿಂಟರಿನ ಮೂಲಕ ಓದಿ, ಹ್ಯಾಶನ್ನು ಅನ್‌ಸೈನ್ಡ್ ಆಗಿ ಇಡಿ. ಮೊತ್ತ ಬರೀ `unsigned` ಆಗಿ, ಬೈಟ್ ಓದುವುದು ಮಾತ್ರ `char *`ನಲ್ಲೇ ಉಳಿದರೆ ಕ್ರ್ಯಾಶ್ ತಪ್ಪುತ್ತದೆ, ಆದರೆ ಅದೇ ಕನ್ನಡ ಪದಕ್ಕೆ ಇಂಟೆಲ್ ಲಿನಕ್ಸ್‌ನಲ್ಲಿ ಒಂದು ಹ್ಯಾಶ್, `char` ಅನ್‌ಸೈನ್ಡ್ ಆಗಿರುವ ಎಆರ್‌ಎಂ ಲಿನಕ್ಸ್‌ನಲ್ಲಿ ಇನ್ನೊಂದು. ಒಂದರಲ್ಲಿ ಬರೆದ ಫೈಲು ಇನ್ನೊಂದರಲ್ಲಿ ಹುಡುಕಿದರೆ ಸಿಗುವುದಿಲ್ಲ.

ಸೈನ್ ಸರಿ ಮಾಡಿದರೂ ಕೂಡುವ ಹ್ಯಾಶ್‌ಗೆ ಸರವೂ ರಸವೂ ಒಂದೇ. ನವವೂ ವನವೂ ಒಂದೇ. ದಾನ, ನಾದಗಳಿಗೂ ಭೇದವಿಲ್ಲ. ಇನ್ನೂ ಒಂದು ಪ್ರಭೇದವಿದೆ, ಮೊದಲ ಅಕ್ಷರವನ್ನೇ ಹ್ಯಾಶ್ ಮಾಡುವುದು, `s[0] - 'a'`. ಕನ್ನಡದ ಪ್ರತಿ ಅಕ್ಷರದ ಮೊದಲ ಬೈಟೂ 224, ಎರಡನೆಯದು 178 ಅಥವಾ 179. ಅಂದರೆ ಇಡೀ ಕನ್ನಡ ನಿಘಂಟು ಒಂದೇ ಬಕೆಟ್‌ಗೆ. ಆ ಬಕೆಟ್‌ನ ನಂಬರು ‑129 ಎಂಬುದು ಬೇರೆ ಮಾತು. ಕನ್ನಡದಲ್ಲಿ ಹುಡುಕಾಟ ನಿಧಾನ ಎಂದು ದೂರುವ ಮೊದಲು ನಾವು ಬರೆದ ಈ ನಾಲ್ಕು ಸಾಲನ್ನು ಒಮ್ಮೆ ನೋಡಿಕೊಳ್ಳಬಾರದೆ?

ಎರಡನೇ ಶರತ್ತಿಗೆ ಬರುತ್ತೇನೆ. 101 ಎಂಬ ಸಂಖ್ಯೆಯನ್ನು ಕಲ್ಲಿನಲ್ಲಿ ಕೆತ್ತಿದವರು ಯಾರು? ಕರ್ನಿಗನ್, ರಿಚಿ ತಮ್ಮ ಎರಡನೇ ಆವೃತ್ತಿಯಲ್ಲಿ 101 ಬಳಸಿದ್ದು ಪುಟ್ಟ ಉದಾಹರಣೆಯೊಂದಕ್ಕೆ, `#define` ಹೆಸರುಗಳನ್ನು ನೆನಪಿಡುವುದಕ್ಕೆ. ಅದನ್ನೇ ಎತ್ತಿಕೊಂಡು ಹೋಗಿ ಲಕ್ಷಾಂತರ ಗ್ರಾಹಕರ ಪಟ್ಟಿಗೆ ಹಚ್ಚಿದರೆ ತಪ್ಪು ಪುಸ್ತಕದ್ದೆ? ನಮ್ಮ 9,999 ಗಾಡಿಗಳನ್ನು 101 ಬಕೆಟ್‌ಗೆ ದೇವರೇ ಬಂದು ಸಮನಾಗಿ ಹಂಚಿದರೂ ಒಂದೊಂದರಲ್ಲಿ 99. ಸರಾಸರಿ 50 ನೋಡ್ ಮುಟ್ಟದೆ ಗಾಡಿ ಸಿಗುವುದಿಲ್ಲ. ಅಂದರೆ ಹ್ಯಾಶ್ ಸರಿ ಮಾಡಿ ಟೇಬಲ್ ಬೆಳೆಸದಿದ್ದರೆ ಅರ್ಧ ಕೆಲಸವೇ ಆಯಿತು.

ಬೆಳೆಸುವುದು ಕಷ್ಟ ಎಂಬ ಅಂಜಿಕೆ ಬೇರೆ. ಚೈನಿಂಗ್‌ನಲ್ಲಿ ಅದು ಎಷ್ಟು ಸಲೀಸು ಎಂದು ನೋಡಿ. ಪ್ರತಿ ನೋಡ್‌ನಲ್ಲಿ ಕೀ ಜೊತೆಗೆ ಅದರ ಪೂರ್ತಿ ಹ್ಯಾಶನ್ನೂ ಬರೆದಿಡಬೇಕು, ಬಕೆಟ್ ನಂಬರನ್ನಲ್ಲ. ಬಕೆಟ್‌ಗಳ ಸಂಖ್ಯೆ 16ರಿಂದ ಶುರು ಮಾಡಿ ಯಾವಾಗಲೂ ಎರಡರ ಘಾತವಾಗಿಯೇ ಇಟ್ಟರೆ ಭಾಗಾಕಾರ ಬೇಡ, ಕೆಳಗಿನ ಬಿಟ್‌ಗಳನ್ನು ಮಾಸ್ಕ್ ಮಾಡಿದರೆ ಸಾಕು. ಹೊಸ ಕೀ ಸೇರಿಸುವ ಮುನ್ನ ಕೀಗಳ ಸಂಖ್ಯೆ ಬಕೆಟ್‌ಗಳ ಸಂಖ್ಯೆ ಮುಟ್ಟಿದೆಯಾ ನೋಡಿ, ಮುಟ್ಟಿದ್ದರೆ ಇದನ್ನು ಕರೆಯಿರಿ:

```c
int grow(struct table *t) {
    size_t n = t->nbucket * 2;
    struct node **nb = calloc(n, sizeof *nb);
    if (!nb) return 0;
    for (size_t i = 0; i < t->nbucket; i++)
        for (struct node *p = t->bucket[i], *q; p; p = q) {
            q = p->next;
            size_t j = p->hash & (n - 1);
            p->next = nb[j];
            nb[j] = p;
        }
    free(t->bucket);
    t->bucket = nb;
    t->nbucket = n;
    return 1;
}
```

ಒಂದು ಸ್ಟ್ರಿಂಗನ್ನೂ ಮತ್ತೆ ಓದಲಿಲ್ಲ, ಒಂದು ನೋಡಿಗೂ ಹೊಸದಾಗಿ `malloc` ಮಾಡಲಿಲ್ಲ. ಇದ್ದ ನೋಡ್‌ಗಳನ್ನೇ ಬಿಚ್ಚಿ ಹೊಸ ಬಕೆಟ್‌ಗೆ ಪೋಣಿಸಿದೆವು. `q = p->next` ಸಾಲನ್ನು ಕೆಳಗೆ ಹಾಕಿದವರಿಗೆ ಮಾತ್ರ ಅರ್ಧ ಚೈನು ಕಳೆದುಹೋಗುತ್ತದೆ, ಅದನ್ನು ಪ್ರತಿ ವರ್ಷ ಯಾರಾದರೊಬ್ಬರು ಮಾಡಿಯೇ ಮಾಡುತ್ತಾರೆ. `calloc` ಕೈಕೊಟ್ಟರೂ ಪ್ರಳಯವಿಲ್ಲ, ಹಳೆಯ ಟೇಬಲ್ ಚೈನು ಕೊಂಚ ಉದ್ದವಾಗಿ ನಡೆದುಕೊಂಡು ಹೋಗುತ್ತದೆ. ಚೈನಿಂಗ್‌ನ ನಿಜವಾದ ಉಪಕಾರ ಇದು, ಇದನ್ನು ಯಾರೂ ಹೇಳಿಕೊಡುವುದಿಲ್ಲ. ಖರ್ಚು ಎಷ್ಟು? 16ರಿಂದ 16,384ಕ್ಕೆ ಹೋಗಲು ಹತ್ತು ಸಲ ದುಪ್ಪಟ್ಟು ಮಾಡಬೇಕು, ಎಲ್ಲ ಸೇರಿ 16,368 ನೋಡ್ ಸ್ಥಳಾಂತರ. ಗಾಡಿಯೊಂದಕ್ಕೆ ಎರಡಕ್ಕಿಂತ ಕಡಿಮೆ. ಪ್ರತಿ ಹುಡುಕಾಟಕ್ಕೂ 50 ಹೆಜ್ಜೆ ನಡೆಯುವವರು ಈ ಎರಡಕ್ಕೆ ಹೆದರುತ್ತಾರೆಂದರೆ ನಗಬೇಕೋ ಅಳಬೇಕೋ.

ಬರೆದಿಟ್ಟ ಹ್ಯಾಶ್ ಹುಡುಕುವಾಗಲೂ ಕೆಲಸಕ್ಕೆ ಬರುತ್ತದೆ. ಚೈನಿನಲ್ಲಿ ಮೊದಲು ಹ್ಯಾಶ್ ಹೋಲಿಸಿ, ಅದು ಸರಿಹೊಂದಿದರೆ ಮಾತ್ರ `strcmp` ಕರೆಯಿರಿ. ಕೂಡುವ ಹ್ಯಾಶ್‌ನವರಿಗೆ ಈ ಸೌಕರ್ಯವೂ ಇಲ್ಲ, ಅವರ ಗಾಡಿಗಳ ಚೈನಿನಲ್ಲಿ ಎಲ್ಲರ ಹ್ಯಾಶೂ ಒಂದೇ.

ಹಾಗಾದರೆ ಸ್ಟ್ರಿಂಗ್‌ಗೆ ಯಾವ ಹ್ಯಾಶ್? ಇದಕ್ಕೆ ಪಿಎಚ್‌ಡಿ ಬೇಕಿಲ್ಲ. ಫೌಲರ್, ನಾಲ್, ವೋ ಎಂಬ ಮೂವರ ಹೆಸರಿನ ಎಫ್‌ಎನ್‌ವಿ-1ಎ ಇದೆ, ಕೂಡುವ ಹ್ಯಾಶ್‌ಗಿಂತ ನಾಲ್ಕೇ ಸಾಲು ಹೆಚ್ಚು:

```c
uint64_t hash(const char *s) {
    const unsigned char *p = (const unsigned char *)s;
    uint64_t h = 14695981039346656037ULL;
    while (*p) {
        h ^= *p++;
        h *= 1099511628211ULL;
    }
    return h ^ (h >> 32);
}
```

ಕೊನೆಯ ಸಾಲು ನಾನು ಸೇರಿಸಿದ್ದು, ಸುಮ್ಮನೆ ಸೇರಿಸಿದ್ದಲ್ಲ. ಬೆಸ ಸಂಖ್ಯೆಯಿಂದ ಗುಣಿಸಿದರೆ ಕಟ್ಟಕಡೆಯ ಬಿಟ್ ಬದಲಾಗುವುದಿಲ್ಲ. ಹಾಗಾಗಿ ಎಫ್‌ಎನ್‌ವಿಯ ಕಡೆಯ ಬಿಟ್‌ನಲ್ಲಿ ಉಳಿಯುವುದು ಎಲ್ಲ ಬೈಟ್‌ಗಳ ಕಡೆಯ ಬಿಟ್‌ಗಳ ಸಮ-ಬೆಸದ ಲೆಕ್ಕ ಅಷ್ಟೆ. ಗುಣಾಕಾರದ ಕಲಸಾಟ ಕೆಳಗಿನಿಂದ ಮೇಲಕ್ಕೆ ಹರಿಯುತ್ತದೆ, ನಾವು ಮಾಸ್ಕ್ ಮಾಡಿ ಬಳಸುವುದು ಕೆಳಗಿನ ಬಿಟ್‌ಗಳನ್ನು. ಮೇಲಿನ ಅರ್ಧವನ್ನು ಮಡಚಿ ಕೆಳಗಿನ ಅರ್ಧಕ್ಕೆ ಬೆರೆಸಿದರೆ ಆ ಕೊರತೆ ನೀಗುತ್ತದೆ.

ಈ ಹ್ಯಾಶೂ ಒಂದು ಕಡೆ ಸಾಲದು. ಕೀಗಳು ಹೊರಗಿನವರ ಕೈಯಿಂದ ಬರುವಲ್ಲಿ, ಅಂದರೆ ವೆಬ್ ಫಾರ್ಮು, ನೆಟ್‌ವರ್ಕ್ ಪ್ಯಾಕೆಟ್ಟು. "ಕೊಲಿಷನ್ ಆಕಸ್ಮಿಕ, ಚೈನ್ ನೋಡಿಕೊಳ್ಳುತ್ತೆ" ಎನ್ನುವವರಿಗೆ ನನ್ನ ಪ್ರಶ್ನೆ: ಬೇಕೆಂದೇ ಮಾಡಿದರೆ? 31ರ ಹ್ಯಾಶ್‌ನಲ್ಲಿ `Aa` ಎಂದರೆ 65×31+97, ಅಂದರೆ 2112. `BB` ಎಂದರೆ 66×31+66, ಅದೂ 2112. ಈ ಎರಡು ಜೋಡಿಗಳನ್ನು ಹತ್ತು ಸಲ ಹೇಗೆ ಬೇಕಾದರೂ ಜೋಡಿಸಿ, 20 ಅಕ್ಷರದ 1,024 ಸ್ಟ್ರಿಂಗ್ ಸಿಗುತ್ತವೆ, ಅಷ್ಟಕ್ಕೂ ಒಂದೇ ಹ್ಯಾಶ್. ಟೇಬಲ್ ಬೆಳೆಸಿ, ಪ್ರೈಮ್ ಮಾಡಿ, ಅವು ಬೇರೆಯಾಗುವುದಿಲ್ಲ. ಆರಂಭದ ಬೆಲೆಯನ್ನು ರ್‍ಯಾಂಡಮ್ ಮಾಡಿದರೆ ಪಾರಾದೆವು ಎಂದುಕೊಂಡವರೂ ಇದ್ದಾರೆ. ಗುಣಿಸಿ ಕೂಡುವ ಹ್ಯಾಶ್‌ನಲ್ಲಿ ಸಮ ಉದ್ದದ ಸ್ಟ್ರಿಂಗ್‌ಗಳಿಗೆ ಆ ಬೆಲೆ ಒಂದೇ ಸಮ ಸೇರುತ್ತದೆ, ಡಿಕ್ಕಿ ಹಾಗೇ ಉಳಿಯುತ್ತದೆ. ಕ್ರಾಸ್ಬಿ ಮತ್ತು ವಾಲಕ್ ಈ ದಾಳಿಯನ್ನು ವಿವರವಾಗಿ ಬರೆದದ್ದು 2003ರಲ್ಲಿ. ಪರ್ಲ್ ಎಚ್ಚೆತ್ತಿತು, ಉಳಿದವರು ಮಗ್ಗುಲು ಬದಲಿಸಿದರು. 2011ರ ಡಿಸೆಂಬರಿನಲ್ಲಿ ಜರ್ಮನಿಯ ಸಮ್ಮೇಳನವೊಂದರಲ್ಲಿ ಪಿಎಚ್‌ಪಿ, ಜಾವಾ, ಪೈಥಾನ್ ಸರ್ವರ್‌ಗಳನ್ನು ಇದೇ ಉಪಾಯದಿಂದ ಮಂಡಿಯೂರಿಸಬಹುದೆಂದು ತೋರಿಸಿದ ಮೇಲೆ ಎಲ್ಲರೂ ದಡಬಡಿಸಿ ಎದ್ದರು. ಮರುವರ್ಷ ಸಿಪ್‌ಹ್ಯಾಶ್ ಬಂತು, ಗುಟ್ಟಿನ ಕೀ ಇಟ್ಟುಕೊಂಡು ಹ್ಯಾಶ್ ಮಾಡುವಂಥದು. ಹೊರಗಿನ ಕೀ ಇರುವಲ್ಲಿ ಅದನ್ನೇ ಹಾಕಿ. ಒಳಗಿನ ಪಟ್ಟಿಗಳಿಗೆ ಎಫ್‌ಎನ್‌ವಿ ಸಾಕು.

ಲ್ಯಾಬ್ ಮ್ಯಾನುಯಲ್ ಬರೆಯುವವರಿಗೆ, ಕೋಡ್ ರಿವ್ಯೂಗೆ ಸಹಿ ಹಾಕುವವರಿಗೆ ನಾನು ಕೇಳುವುದು ಇಷ್ಟೆ. ಕೂಡುವ ಹ್ಯಾಶ್ ಇರುವ ಹಾಳೆಯನ್ನು ಈ ವರ್ಷವೇ ಹರಿದು ಹಾಕಿ. `grow` ಇಲ್ಲದ ಹ್ಯಾಶ್ ಟೇಬಲ್‌ಗೆ ಪೂರ್ತಿ ಅಂಕ ಕೊಡಬೇಡಿ. ಮೂರು ಹಣ್ಣಿನ ಹೆಸರಿನ ಔಟ್‌ಪುಟ್ ಒಪ್ಪಬೇಡಿ. ಪ್ರತಿ ಪ್ರೋಗ್ರಾಮೂ ಕೊನೆಯಲ್ಲಿ ಎರಡು ಸಂಖ್ಯೆ ಪ್ರಿಂಟ್ ಮಾಡಲಿ, ತುಂಬಿದ ಬಕೆಟ್ ಎಷ್ಟು, ಅತಿ ಉದ್ದದ ಚೈನ್ ಎಷ್ಟು. ಅದಕ್ಕೆ ಬೇಕಾದ ಲೂಪು ಐದು ಸಾಲು ಮೀರುವುದಿಲ್ಲ.

ಮುಂದಿನ ಸಲ ಎಕ್ಸ್‌ಟರ್ನಲ್ ಆಗಿ ಬಂದಾಗ ನನ್ನ ಪೆನ್‌ಡ್ರೈವ್‌ನಲ್ಲಿ ಎರಡು ಫೈಲ್ ಇರುತ್ತವೆ. ಒಂದರಲ್ಲಿ ಆ 9,999 ಗಾಡಿಗಳು, ಇನ್ನೊಂದರಲ್ಲಿ ಸರ, ರಸ, ನವ, ವನ, ದಾನ, ನಾದ. 16,384 ಬಕೆಟ್‌ನಲ್ಲಿ ಗಾಡಿಗಳು ಸರಿಯಾಗಿ ಚೆದುರಿದ್ದರೆ ಅತಿ ಉದ್ದದ ಚೈನು ಐದೋ ಆರೋ, ಅಪರೂಪಕ್ಕೆ ಏಳು. ಪರದೆಯ ಮೇಲೆ 670 ಎಂದು ಬಂದರೆ ರೆಕಾರ್ಡಿಗೆ ನನ್ನ ಸಹಿ ಬೀಳುವುದಿಲ್ಲ, ಮೊದಲು ಇಂಟರ್ನಲ್‌ನವರದೇ ವೈವಾ ಶುರು.